ರದ್ದಾಯಿತು ಎಂದುಕೊಂಡ ಮೇಲೂ

ಸ್ನೇಹಿತರೇ, ನಮಸ್ಕಾರ. ಚಂದಾ ಪೆಟ್ಟಿಗೆ ಅಂದರೇನು, ಆಟೋ ರಿನ್ಯೂವಲ್ ಅಂದರೇನು ಎಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಒಂದಲ್ಲ ಒಂದು ಚಂದಾ ಇಲ್ಲದ ಫೋನು ಇಲ್ಲಿ ಯಾರ ಜೇಬಿನಲ್ಲೂ ಇರಲಿಕ್ಕಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಬೇಡ ಎಂದು ಹೇಳಿದ ಮೇಲೂ ಹಣ ಕಟ್ ಆಗುತ್ತಲೇ ಇರುತ್ತದಲ್ಲ, ಅದು ಹೇಗೆ ಆಗುತ್ತದೆ, ಯಾಕೆ ನಿಲ್ಲುವುದಿಲ್ಲ, ಇವತ್ತಿನ ಮಾತು ಅಷ್ಟೇ.

ನನಗೆ ಗೊತ್ತಿರುವ ಒಬ್ಬ ತಾಯಿಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಿದೆ, ದಯವಿಟ್ಟು ತಾಳ್ಮೆಯಿಂದ ಕೇಳಿ. ನಾನು ಹೇಳಬೇಕೆಂದಿರುವುದೆಲ್ಲ ಆ ಕಥೆಯಲ್ಲೇ ಇದೆ.

ಆಕೆ ಮಗನಿಗಾಗಿ ವಿಜ್ಞಾನದ ಆಟಿಕೆಗಳ ಪೆಟ್ಟಿಗೆಗೆ ಚಂದಾ ಮಾಡಿದರು. ತಿಂಗಳಿಗೊಂದು ಪೆಟ್ಟಿಗೆ. ಹಣ ಮಾತ್ರ ಮೂರು ತಿಂಗಳದ್ದು ಒಟ್ಟಿಗೆ, ಮುಂಗಡ. ಜನವರಿ 1ಕ್ಕೆ ಮೊದಲ ಕಂತು ಹೋಯಿತು. ಮಗ ಮೊದಲ ಪೆಟ್ಟಿಗೆಯನ್ನು ಕುಣಿದಾಡಿಕೊಂಡು ಬಿಚ್ಚಿದ, ಎರಡನೆಯದನ್ನು ಸುಮ್ಮನೆ ಬಿಚ್ಚಿದ, ಮೂರನೆಯದು ಬಿಚ್ಚದೆಯೇ ಮೂಲೆಯಲ್ಲಿ ಉಳಿಯಿತು. ಮಾರ್ಚ್ 20ಕ್ಕೆ ಈ ತಾಯಿ ವೆಬ್‌ಸೈಟಿಗೆ ಹೋಗಿ ಕ್ಯಾನ್ಸಲ್ ಒತ್ತಿದರು.

ಒತ್ತಿದ ಮೇಲೆ ಬಂದ ಪುಟದಲ್ಲಿ ಯಾಕೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆ, ಐದಾರು ಕಾರಣಗಳ ಪಟ್ಟಿ. ಒಂದನ್ನು ಆರಿಸಿದರು. ಮುಂದಿನ ಪುಟದಲ್ಲಿ ಮಗುವಿನ ಚಿತ್ರ, ಅದರ ಕೆಳಗೆ ದೊಡ್ಡ ಬಣ್ಣದ ಗುಂಡಿ: 'ಸರಿ, ಒಂದು ತಿಂಗಳು ವಿರಾಮ ಕೊಡಿ'. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಗುಂಡಿಯೂ ಅಲ್ಲದ ಒಂದು ಸಾಲು: 'ಬೇಡ, ರದ್ದತಿ ಮುಂದುವರಿಸಿ'. ಆಕೆ ದೊಡ್ಡದನ್ನು ಒತ್ತಿದರು. 'ನಿಮ್ಮ ಬದಲಾವಣೆಯನ್ನು ಉಳಿಸಲಾಗಿದೆ' ಎಂದು ಬಂತು. ಫೋನು ಪಕ್ಕಕ್ಕಿಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆಕೆ ಓದು ಬಾರದವರಲ್ಲ, ಅಜಾಗರೂಕರೂ ಅಲ್ಲ. ರದ್ದು ಮಾಡಲು ಹೋದ ಮನುಷ್ಯನಿಗೆ ಕೊನೆಗೊಂದು ದೊಡ್ಡ ಗುಂಡಿ ಕಂಡರೆ, ಅದೇ ರದ್ದಿನ ಗುಂಡಿ ಎಂದು ಕೈ ತಾನಾಗಿ ನಂಬುತ್ತದೆ. ಪುಟ ಮಾಡಿದವರಿಗೂ ಇದು ಗೊತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಪ್ರೈಮ್ ಸದಸ್ಯತ್ವದ ವಿಚಾರವಾಗಿ ಮೊಕದ್ದಮೆ ಹೂಡಿತು. ಆ ದೂರಿನಲ್ಲಿ ರದ್ದು ಮಾಡುವ ದಾರಿಯ ವರ್ಣನೆ ಹೀಗಿದೆ: ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ. ಕಂಪನಿಯ ಒಳಗೇ ಅದಕ್ಕೆ 'ಇಲಿಯಡ್' ಎಂಬ ಹೆಸರಿತ್ತಂತೆ. ಮುಗಿಯದ ಯುದ್ಧದ ಮಹಾಕಾವ್ಯದ ಹೆಸರು! 2025ರ ಸೆಪ್ಟೆಂಬರಿನಲ್ಲಿ ಆ ಮೊಕದ್ದಮೆ 250 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಹಿಂತಿರುಗಿಸಲು. ಹಾಗಾಗಿ 'ನಾವೇ ಸರಿಯಾಗಿ ನೋಡಲಿಲ್ಲ' ಎಂದು ತಲೆ ತಗ್ಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಗ್ಗಿಸಬೇಡಿ.

ಕಥೆಗೆ ಬರೋಣ. ಏಪ್ರಿಲ್ 1ಕ್ಕೆ ಹಣ ಹೋಗಲಿಲ್ಲ. ನಂಬಿಕೆ ಗಟ್ಟಿಯಾದದ್ದು ಇಲ್ಲಿ. ವಿರಾಮ ಕೊಡುವುದರ ಚಾಣಾಕ್ಷತನವೇ ಇದು: ಒಂದು ತಿಂಗಳು ಎಲ್ಲವೂ ರದ್ದಾದಂತೆಯೇ ಕಾಣುತ್ತದೆ, ನೀವು ಸ್ಟೇಟ್‌ಮೆಂಟ್ ನೋಡುವುದನ್ನು ಬಿಡುತ್ತೀರಿ. ಮೇ 1ಕ್ಕೆ ಮತ್ತೆ ಮೂರು ತಿಂಗಳ ಹಣ ಒಟ್ಟಿಗೆ ಕಟ್.

ಆಕೆ ಎರಡು ಕೆಲಸ ಮಾಡಿದರು. ಕಂಪನಿಗೆ ಫೋನ್ ಮಾಡಿದರು. 'ಆಯ್ತು ಮೇಡಂ, ನಿಲ್ಲಿಸ್ತೀವಿ' ಎಂದರು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದರು, ಮೇ ತಿಂಗಳ ಹಣದ ಬಗ್ಗೆ ತಕರಾರನ್ನೂ ಕೊಟ್ಟರು. ಹೊಸ ಸಂಖ್ಯೆಯ ಹೊಸ ಕಾರ್ಡು ಮನೆಗೆ ಬಂತು. ಆಗಸ್ಟ್ 1ಕ್ಕೆ ಆ ಹೊಸ ಕಾರ್ಡಿನಿಂದ ಹಣ ಹೋಯಿತು.

ಯಾರಿಗೂ ಕೊಡದ ಸಂಖ್ಯೆ! 'ಇದು ಕಳ್ಳತನವಲ್ಲದೆ ಇನ್ನೇನು' ಎಂದು ಆಕೆ ನನ್ನನ್ನು ಕೇಳಿದರು. ಇದರ ಹಿಂದಿನ ಯಂತ್ರ ನೀವು ತಿಳಿಯಬೇಕಾದದ್ದು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಅಕೌಂಟ್ ಅಪ್‌ಡೇಟರ್ ಎಂಬ ಸೇವೆ ಇದೆ. ಅದರಲ್ಲಿ ಸೇರಿಕೊಂಡಿರುವ ಬ್ಯಾಂಕು ಹೊಸ ಕಾರ್ಡು ಕೊಟ್ಟಾಗ ಹೊಸ ಸಂಖ್ಯೆ, ಹೊಸ ಅವಧಿ ಎರಡನ್ನೂ ಜಾಲಕ್ಕೆ ತಿಳಿಸುತ್ತದೆ; ನಿಮ್ಮ ಹಳೆಯ ಕಾರ್ಡನ್ನು ಇಟ್ಟುಕೊಂಡಿರುವ ವ್ಯಾಪಾರಿಗೆ ಜಾಲ ಅದನ್ನು ದಾಟಿಸುತ್ತದೆ. ಇನ್ನು ಕೆಲವು ಕಡೆ ವ್ಯಾಪಾರಿಯ ಬಳಿ ಕಾರ್ಡಿನ ಸಂಖ್ಯೆಯೇ ಇರುವುದಿಲ್ಲ, ಅದರ ಬದಲಿಗೆ ಆ ಕಾರ್ಡಿಗೆ ಜೋಡಿಸಿದ ಬೇರೊಂದು ಸಂಖ್ಯೆ, ಅಂದರೆ ಟೋಕನ್ ಇರುತ್ತದೆ. ಅದರ ಹಿಂದಿರುವ ಕಾರ್ಡು ಬದಲಾದರೂ ಟೋಕನ್ ಹಾಗೇ ನಡೆಯುತ್ತದೆ. ಕಾರ್ಡಿನ ಅವಧಿ ಮುಗಿದು ವಿದ್ಯುತ್ ಬಿಲ್ಲೋ ವಿಮೆಯ ಕಂತೋ ನಿಂತುಹೋಗಬಾರದು ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಇದು. ಆದರೆ ನೀವು ಬಿಡಿಸಿಕೊಳ್ಳಲು ಹೊರಟವರನ್ನೂ ಅದು ಅಷ್ಟೇ ನಿಷ್ಠೆಯಿಂದ ನಿಮ್ಮ ಹೊಸ ಕಾರ್ಡಿಗೆ ಜೋಡಿಸುತ್ತದೆ.

ಇಲ್ಲಿ ನನ್ನ ಮುಖ್ಯ ಮಾತು. ಚಂದಾದಲ್ಲಿ ಎರಡು ವಿಷಯಗಳಿವೆ: ಒಪ್ಪಂದ ಒಂದು, ಹಣ ತೆಗೆದುಕೊಳ್ಳುವ ಅನುಮತಿ ಇನ್ನೊಂದು. ಒಪ್ಪಂದ ಕಂಪನಿಯ ಲೆಕ್ಕದಲ್ಲಿದೆ, ಅನುಮತಿ ಬ್ಯಾಂಕು ಮತ್ತು ಕಾರ್ಡ್ ಜಾಲದ ಲೆಕ್ಕದಲ್ಲಿದೆ. ಒಂದನ್ನು ಮುಗಿಸಿದರೆ ಇನ್ನೊಂದು ತಾನಾಗಿ ಮುಗಿಯುವುದಿಲ್ಲ. ಕಾರ್ಡ್ ಬ್ಲಾಕ್ ಮಾಡುವುದು ಈ ಎರಡರಲ್ಲಿ ಯಾವುದೂ ಅಲ್ಲ. ಅದು ಕಳೆದುಹೋದ ಕಾರ್ಡಿನ ಕ್ರಮ. ಬ್ಯಾಂಕಿಗೆ ಹೇಳಬೇಕಾದ ಮಾತೇ ಬೇರೆ: 'ಈ ಹೆಸರಿನ ವ್ಯಾಪಾರಿಗೆ ಕೊಟ್ಟಿದ್ದ ಮರುಕಳಿಸುವ ಪಾವತಿಯ ಅನುಮತಿಯನ್ನು ಹಿಂತೆಗೆದುಕೊಂಡಿದ್ದೇನೆ, ಮುಂದಿನ ಪಾವತಿಗಳನ್ನು ನಿಲ್ಲಿಸಿ.' ಹೀಗೆ ಕೇಳಿದರೆ ಮಾತ್ರ ಬ್ಯಾಂಕಿನವರು ಆ ಒಂದು ವ್ಯಾಪಾರಿಯ ಮೇಲೆ ತಡೆ ಹಾಕುವ ವಿಚಾರಕ್ಕೆ ಬರುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಪ್ಪಂದ ಜೀವಂತವಾಗಿಯೇ ಇರುತ್ತದೆ. ಕಂಪನಿ ಬಾಕಿ ಎಂದು ಬರೆದುಕೊಂಡು ವಸೂಲಿಗೆ ಬರಬಹುದು. ಎರಡನ್ನೂ ಮಾಡಬೇಕು.

ಆಗಸ್ಟ್ 3ಕ್ಕೆ ಆಕೆ ಮತ್ತೆ ವೆಬ್‌ಸೈಟಿಗೆ ಹೋದರು. ಈ ಸಲ ಬೂದು ಸಾಲನ್ನೇ ಒತ್ತುತ್ತಾ ಕೊನೆಯ ಪುಟದವರೆಗೆ ಹೋದರು. 'ನಿಮ್ಮ ಚಂದಾ ರದ್ದಾಗಿದೆ, ಮತ್ತೆ ನವೀಕರಣ ಆಗುವುದಿಲ್ಲ' ಎಂಬ ಮೇಲ್ ಬರುವವರೆಗೆ ಪುಟ ಮುಚ್ಚಲಿಲ್ಲ. ಅದಕ್ಕೆ ಉತ್ತರವಾಗಿ ಎರಡೇ ಸಾಲು ಬರೆದರು: ನನ್ನ ಚಂದಾ ಇಂದಿಗೆ ಮುಗಿದಿದೆ, ನನ್ನ ಯಾವ ಕಾರ್ಡಿನಿಂದಲೂ ಹಣ ತೆಗೆದುಕೊಳ್ಳಲು ಇನ್ನು ಮುಂದೆ ನಿಮಗೆ ಅನುಮತಿ ಇಲ್ಲ. ಆಗಸ್ಟಿನ ಹಣಕ್ಕೂ ಬ್ಯಾಂಕಿನಲ್ಲಿ ತಕರಾರು ಕೊಟ್ಟರು.

ಆದರೂ ನವೆಂಬರ್ 1ಕ್ಕೆ ಮತ್ತೆ ಹಣ ಹೋಯಿತು! ಯಾಕೆಂದರೆ ಅಂಗಡಿಯ ಲೆಕ್ಕ ಒಂದು ಸಾಫ್ಟ್‌ವೇರಿನಲ್ಲಿ, ಹಣ ವಸೂಲಿಯ ವೇಳಾಪಟ್ಟಿ ಇನ್ನೊಂದರಲ್ಲಿ. ಮೊದಲನೆಯದರಲ್ಲಿ 'ರದ್ದು' ಎಂದು ಬಿತ್ತು, ಎರಡನೆಯದಕ್ಕೆ ಸುದ್ದಿ ಮುಟ್ಟಲೇ ಇಲ್ಲ. ಪೆಟ್ಟಿಗೆ ಬರುವುದು ನಿಂತು ಹಣ ಹೋಗುವುದು ಮಾತ್ರ ಮುಂದುವರಿದರೆ, ಕಾರಣ ಬಹುತೇಕ ಇದೇ ಎಂದು ತಿಳಿಯಿರಿ.

ಮೇ, ಆಗಸ್ಟ್, ನವೆಂಬರ್. ಅದೇ ಕಂಪನಿ, ಅಷ್ಟೇ ಹಣ, ಮೂರು ತಕರಾರು. ಮೇ ತಿಂಗಳದ್ದನ್ನು ಬ್ಯಾಂಕು ತಳ್ಳಿಹಾಕಿತು. 'ನಿಮ್ಮ ಚಂದಾಕ್ಕೆ ಮೇ 1ರವರೆಗೆ ವಿರಾಮ' ಎಂದು ತಾನೇ ಕಳಿಸಿದ್ದ ಮೇಲನ್ನು ಕಂಪನಿ ಮುಂದಿಟ್ಟಿತು. ಆ ಮೇಲ್ ಆಕೆಯ ಇನ್‌ಬಾಕ್ಸಿನಲ್ಲೂ ಇತ್ತು, ಜಾಹೀರಾತುಗಳ ನಡುವೆ. ಆಗಸ್ಟಿನದ್ದೂ ಹೋಯಿತು. 'ನಿಲ್ಲಿಸ್ತೀವಿ' ಎಂದ ಫೋನ್ ಕರೆಯ ದಾಖಲೆ ತಮ್ಮಲ್ಲಿಲ್ಲ ಎಂದರು, ಆಕೆಯ ಬಳಿಯೂ ಇರಲಿಲ್ಲ. ನವೆಂಬರಿನ ಹಣ ಪೂರ್ತಿ ವಾಪಸ್ ಬಂತು. ಆಗಸ್ಟ್ 3ರ ಎರಡು ಮೇಲ್‌ಗಳು ಸಾಕಾದವು.

ಆಕೆಗೆ ಆದ ಅನ್ಯಾಯ ಮೂರು ಸಲವೂ ಅನ್ಯಾಯವೇ, ನನಗೆ ಆ ಬಗ್ಗೆ ಅನುಮಾನವಿಲ್ಲ. ಆದರೆ ಬ್ಯಾಂಕಿನ ತಕರಾರಿನ ಮೇಜಿನಲ್ಲಿ ಕೂತವರು ನಿಮ್ಮ ಉದ್ದೇಶವನ್ನು ಅಳೆಯುವುದಿಲ್ಲ, ತಾರೀಖನ್ನು ನೋಡುತ್ತಾರೆ. ವೀಸಾ ನಿಯಮಗಳಲ್ಲಿ ಇದಕ್ಕೆಂದೇ 13.2 ಎಂಬ ಪ್ರತ್ಯೇಕ ಸಂಖ್ಯೆ ಇದೆ: ರದ್ದಾದ ಮರುಕಳಿಸುವ ಪಾವತಿ. ಅಲ್ಲಿನ ಮೂಲ ಪ್ರಶ್ನೆ, ಈ ಪಾವತಿಗೆ ಮುಂಚೆಯೇ ಗ್ರಾಹಕ ಅನುಮತಿ ಹಿಂತೆಗೆದುಕೊಂಡಿದ್ದನೇ ಎನ್ನುವುದು. ಸಾಮಾನ್ಯವಾಗಿ 120 ದಿನಗಳ ಗಡುವು. ಮೂರು ತಿಂಗಳಿಗೊಮ್ಮೆ ಹಣ ಹೋಗುವ ಚಂದಾದಲ್ಲಿ ಒಂದು ಕಂತನ್ನು ಗಮನಿಸದೆ ಬಿಟ್ಟು ಎರಡನೆಯದರಲ್ಲಿ ಎಚ್ಚೆತ್ತರೆ, ಮೊದಲನೆಯದರ ಗಡುವಿಗೆ ಒಂದು ತಿಂಗಳೂ ಉಳಿದಿರುವುದಿಲ್ಲ. ವರ್ಷಕ್ಕೊಮ್ಮೆ ಹೋಗುವ ಸದಸ್ಯತ್ವವಾದರೆ ಹಿಂದಿನ ವರ್ಷದ್ದು ಕೈಬಿಟ್ಟಂತೆಯೇ. ಹಾಗೆಯೇ, 'ನಾನು ಈ ವ್ಯವಹಾರ ಮಾಡಿಯೇ ಇಲ್ಲ' ಎಂದು ಮೋಸದ ದೂರು ಕೊಡಬೇಡಿ. ಮೊದಲ ಕಂತಿಗೆ ನೀವೇ ಒಪ್ಪಿದ್ದಿರಿ, ಕಂಪನಿ ಅದನ್ನು ತೋರಿಸುತ್ತದೆ, ನಿಮ್ಮ ನಿಜವಾದ ದೂರೂ ಅದರ ಜೊತೆಗೇ ಬಿದ್ದುಹೋಗುತ್ತದೆ.

ಆ ಎರಡು ಮೇಲ್ ಯಾಕೆ ಕೆಲಸ ಮಾಡಿದವು? ಮತ್ತೆ ಅದೇ ಮಾತು. ಒಂದು ಒಪ್ಪಂದವನ್ನು ಮುಗಿಸಿತು, ಇನ್ನೊಂದು ಅನುಮತಿಯನ್ನು.

ಜರ್ಮನಿಯವರು ಇದನ್ನು ಕಾನೂನಿನಲ್ಲೇ ತಂದಿದ್ದಾರೆ. 2022ರ ಜುಲೈ 1ರಿಂದ ಅಲ್ಲಿ ವೆಬ್‌ಸೈಟಿನಲ್ಲಿ ಚಂದಾ ಮಾರುವವರು ರದ್ದತಿಯ ಗುಂಡಿಯನ್ನು ಎದ್ದುಕಾಣುವಂತೆ ಇಡಲೇಬೇಕು. ಒತ್ತಿದರೆ ಒಂದೇ ದೃಢೀಕರಣದ ಪುಟ, ಅಲ್ಲಿ ಇನ್ನೊಂದು ಗುಂಡಿ, ಮುಗಿಯಿತು. ನನಗೆ ಹೆಚ್ಚು ಇಷ್ಟವಾದದ್ದು ಅದರ ಮುಂದಿನ ಭಾಗ: ರದ್ದತಿ ತಲುಪಿದ ದಿನ, ಗಂಟೆ, ಒಪ್ಪಂದ ಕೊನೆಯಾಗುವ ದಿನ ಎಲ್ಲವನ್ನೂ ಬರೆದು ಕಂಪನಿ ಆ ಕೂಡಲೇ ಗ್ರಾಹಕನಿಗೆ ಕಳಿಸಬೇಕು. ಗುಂಡಿ ಇಡದಿದ್ದರೆ ಗ್ರಾಹಕ ಯಾವಾಗ ಬೇಕಾದರೂ, ನೋಟಿಸಿನ ಅವಧಿಯಿಲ್ಲದೆ ಒಪ್ಪಂದ ಬಿಟ್ಟು ಹೋಗಬಹುದು. ಈ ತಾಯಿಗೆ ಮಾರ್ಚ್ 20ಕ್ಕೆ ಅಂಥದ್ದೊಂದು ಬರಹ ಸಿಕ್ಕಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅಧ್ಯಕ್ಷರೂ ಈಗ ಗಡಿಯಾರ ನೋಡಬೇಕಾಗಿರಲಿಲ್ಲ.

ಹೌದು, ಸಮಯ ಆಯಿತು. ಇನ್ನೂ ನಾಲ್ಕೈದು ವಿಷಯ ಬರೆದುಕೊಂಡು ಬಂದಿದ್ದೆ, ಎರಡನ್ನು ಮಾತ್ರ ಹೇಳಿಬಿಡುತ್ತೇನೆ. ಆಪ್ ಮೂಲಕ ಚಂದಾ ಮಾಡಿದ್ದರೆ, ಆಪನ್ನು ಅಳಿಸಿದರೆ ಏನೂ ಆಗುವುದಿಲ್ಲ. ಅನುಮತಿ ಇರುವುದು ಆಪ್ ಸ್ಟೋರಿನಲ್ಲೋ ಪ್ಲೇ ಸ್ಟೋರಿನಲ್ಲೋ. ಅಲ್ಲಿನ ಸಬ್‌ಸ್ಕ್ರಿಪ್ಷನ್ ಪಟ್ಟಿಗೇ ಹೋಗಿ ರದ್ದು ಮಾಡಬೇಕು. ಕಂಪನಿಗೆ ಎಷ್ಟು ಮೇಲ್ ಬರೆದರೂ ಆ ಪಟ್ಟಿಯಲ್ಲಿ ಅದು ಚಾಲ್ತಿಯಲ್ಲೇ ಇರಬಹುದು.

ಇನ್ನೊಂದು, ಲಾಗಿನ್ ಆದರೆ ಯಾವ ಚಂದಾವೂ ಕಾಣಿಸುವುದಿಲ್ಲ, ಆದರೂ ಹಣ ಹೋಗುತ್ತಿದೆ ಎನ್ನುವವರು. ಬೇರೆ ಇಮೇಲ್ ಅಥವಾ ಫೋನ್ ಸಂಖ್ಯೆಯಲ್ಲಿ ಇನ್ನೊಂದು ಖಾತೆ ಇದೆಯೇ ಎಂದು ಮೊದಲು ಹುಡುಕಿ. ಉಚಿತ ಪ್ರಯೋಗಕ್ಕೆಂದು ತೆರೆದ ಖಾತೆ ಹಾಗೇ ಉಳಿದುಬಿಟ್ಟಿರುತ್ತದೆ. ಸಿಗದಿದ್ದರೆ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಹಣ ಹೋದ ತಾರೀಖು, ಮೊತ್ತ, ಈ ಮೂರನ್ನು ಕೊಟ್ಟು ಕಂಪನಿಯವರನ್ನೇ ಹುಡುಕಲು ಹೇಳಿ. ಅವರ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಇವುಗಳಿಂದ ಹುಡುಕಲು ಬರುತ್ತದೆ. 'ನಿಮ್ಮ ಹೆಸರಿನಲ್ಲಿ ಏನೂ ಇಲ್ಲ' ಎಂದು ಮೊದಲ ಉತ್ತರ ಬಂದರೆ ಅದನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ತಮ್ಮಲ್ಲಿ ಇಲ್ಲವೆಂದ ಚಂದಾಕ್ಕೆ ಮುಂದಿನ ತಿಂಗಳು ಹಣ ಎಳೆದರೆ, ಬ್ಯಾಂಕಿಗೆ ಕೊಡಲು ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ.