ಬಂಡವಾಳ ಬಡ ದೇಶದ ಕಡೆ ಯಾಕೆ ಹರಿಯಲಿಲ್ಲ?

ಸ್ನೇಹಿತರೇ, ಇವತ್ತು ಒಂದೇ ಒಂದು ಲೆಕ್ಕ ಮಾಡೋಣ. ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಸ್ 1990ರಲ್ಲಿ ಮಾಡಿದ ಲೆಕ್ಕ ಇದು. ಬಡ ದೇಶಗಳು ತಾವಾಗಿಯೇ ಶ್ರೀಮಂತ ದೇಶಗಳನ್ನು ಹಿಡಿಯುತ್ತವೆ ಎಂಬ ನಂಬಿಕೆ ಎಲ್ಲಿ ಮುಗ್ಗರಿಸುತ್ತದೆ ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಲ್ಯೂಕಸ್ ಬಳಸಿದ ಅಂದಾಜಿನಲ್ಲಿ ಅಮೆರಿಕದ ಒಬ್ಬ ದುಡಿಮೆಗಾರನ ಉತ್ಪನ್ನ ಭಾರತದವನ ಉತ್ಪನ್ನದ ಸುಮಾರು 15 ಪಟ್ಟು ಇತ್ತು. ಇಬ್ಬರ ಕೌಶಲವೂ ತಂತ್ರಜ್ಞಾನವೂ ಒಂದೇ, ಯಂತ್ರ, ಕಟ್ಟಡಗಳಂಥ ಬಂಡವಾಳ ಮಾತ್ರ ಬೇರೆ ಎಂದುಕೊಳ್ಳೋಣ. ಬಂಡವಾಳ ಶೇ 10 ಹೆಚ್ಚಿದರೆ ಉತ್ಪನ್ನ ಸುಮಾರು ಶೇ 4 ಹೆಚ್ಚುತ್ತದೆ ಎಂದು ಲ್ಯೂಕಸ್ ಹಿಡಿದರು. ಒಂದರ ಮೇಲೊಂದು ಯಂತ್ರ ತಂದಷ್ಟೂ ಪ್ರತಿಯೊಂದರಿಂದ ಸಿಗುವ ಲಾಭ ಇಳಿಯುತ್ತದೆ, ಅಲ್ವಾ? ಹಾಗಾಗಿ 15 ಪಟ್ಟು ಉತ್ಪನ್ನ ಬರಲು ಅಮೆರಿಕದವನ ಬಳಿ ಸುಮಾರು 870 ಪಟ್ಟು ಬಂಡವಾಳ ಇರಬೇಕು. ಬಂಡವಾಳದ ಪ್ರತಿ ರೂಪಾಯಿಗೆ ಸಿಗುವ ಉತ್ಪನ್ನವನ್ನು ಹೋಲಿಸಲು 870ನ್ನು 15ರಿಂದ ಭಾಗಿಸಿ. 58 ಬರುತ್ತದೆ. ಅಂದರೆ ಭಾರತದಲ್ಲಿ ಹೂಡಿದ ಹಣಕ್ಕೆ ಅಮೆರಿಕದ 58 ಪಟ್ಟು ಪ್ರತಿಫಲ ಸಿಗಬೇಕಿತ್ತು! ಅದು ನಿಜವಾಗಿದ್ದರೆ ಅಮೆರಿಕದಲ್ಲಿ ಹೊಸದಾಗಿ ಒಂದು ಕಾರ್ಖಾನೆಯೂ ಏಳುತ್ತಿರಲಿಲ್ಲ. ಹಣವೆಲ್ಲ ಇತ್ತ ಹರಿದು ಅಂತರ ಬೇಗ ಮುಚ್ಚಿಹೋಗುತ್ತಿತ್ತು.

ಹಾಗಾಗಲಿಲ್ಲ. ಇಬ್ಬರೂ ಸಮಾನರು ಎಂದುಕೊಂಡದ್ದೇ ತಪ್ಪು. ಓದು, ತರಬೇತಿ, ಕೆಲಸದ ಅನುಭವ ಎಲ್ಲ ಸೇರಿದ್ದನ್ನು ಮಾನವ ಬಂಡವಾಳ ಎನ್ನುತ್ತೇವೆ. ಇದನ್ನು ಲೆಕ್ಕಕ್ಕೆ ತಂದಾಗ ಅಮೆರಿಕದ ಒಬ್ಬ ದುಡಿಮೆಗಾರ ಭಾರತದ ಐವರಿಗೆ ಸಮ ಎಂಬ ಅಂದಾಜು ಬಂತು. ಆಗ 15 ಪಟ್ಟಿನ ಅಂತರ 3 ಪಟ್ಟಿಗೆ ಇಳಿಯುತ್ತದೆ. ಮೊದಲಿನ ಹಾಗೆಯೇ ಲೆಕ್ಕ ಮಾಡಿದರೆ ಪ್ರತಿಫಲದ ಅಂತರ 58ರಿಂದ 5ಕ್ಕೆ ಬರುತ್ತದೆ.

5 ಪಟ್ಟೂ ಕಡಿಮೆಯೇನಲ್ಲ. ಇಲ್ಲಿ ಲ್ಯೂಕಸ್ ಇನ್ನೊಂದು ಹೆಜ್ಜೆ ಇಟ್ಟರು. ನನ್ನ ಕಲಿಕೆ ನನ್ನೊಬ್ಬನಿಗೇ ಉಳಿಯುವುದಿಲ್ಲ, ಪಕ್ಕದಲ್ಲಿ ಕೆಲಸ ಮಾಡುವವರ ಕೈಯನ್ನೂ ಚುರುಕು ಮಾಡುತ್ತದೆ. ಇದನ್ನೂ ಸೇರಿಸಿದರೆ ಉಳಿದ ಅಂತರ ಬಹುಪಾಲು ಅಳಿಸಿಹೋಗುತ್ತದೆ. ಬೆಳವಣಿಗೆಯ ಮೂಲ ಹೊರಗಿನಿಂದ ಬೀಳುವುದಿಲ್ಲ, ಆರ್ಥಿಕತೆಯ ಒಳಗೇ ಹುಟ್ಟುತ್ತದೆ ಎಂಬ ವಾದ ಇಂಥ ಯೋಚನೆಯಿಂದಲೇ ಬಲಗೊಂಡದ್ದು.

ಒಬ್ಬರ ಕಲಿಕೆ ಪಕ್ಕದವರಿಗೂ ಹರಡುತ್ತದೆ ಎಂಬುದಕ್ಕೆ ಪುರಾವೆ ಏನು ಎಂದು ನೀವು ಕೇಳಬಹುದು. ಬರೀ ಕೊರತೆಯೇ ಬೆಲೆ ನಿರ್ಧರಿಸುವುದಾದರೆ ಎಂಜಿನಿಯರುಗಳು ಕಡಿಮೆ ಇರುವ ದೇಶದಲ್ಲೇ ಅವರಿಗೆ ಜಾಸ್ತಿ ಸಂಬಳ ಸಿಗಬೇಕು. ಆದರೆ ಎಂಜಿನಿಯರುಗಳು ಹೋಗುವುದು ತಮ್ಮಂಥವರು ಈಗಾಗಲೇ ತುಂಬಿರುವ ದೇಶಕ್ಕೆ. ಅಲ್ಲಿ ಅವರ ದುಡಿಮೆಗೆ ಬೆಲೆ ಹೆಚ್ಚು. ಇದು ಪೂರ್ತಿ ಸಾಬೀತಲ್ಲ, ನಿಜ. ಒಳ್ಳೆಯ ಕಾನೂನು, ನಂಬಬಹುದಾದ ಆಡಳಿತ ಇದ್ದರೂ ಸಂಬಳ ಏರುತ್ತದೆ.

ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕಲಿಕೆಯ ಲಾಭ ದೇಶದೊಳಗೆ ಎಲ್ಲರಿಗೂ ಹರಡುತ್ತದೆ, ಗಡಿ ಮಾತ್ರ ದಾಟುವುದಿಲ್ಲ ಎಂದು ಈ ಲೆಕ್ಕ ಹಿಡಿಯುತ್ತದೆ. ಜ್ಞಾನ ಹಾಗೆ ಗಡಿಯಲ್ಲಿ ನಿಲ್ಲುವ ವಸ್ತುವಲ್ಲ. ಸ್ವಲ್ಪ ದಾಟಿದರೂ ಪ್ರತಿಫಲದ ಅಂತರ ಮತ್ತೆ ತಲೆ ಎತ್ತುತ್ತದೆ. ಆಗ ಹಣ ಯಾಕೆ ಬರಲಿಲ್ಲ ಎಂಬುದಕ್ಕೆ ಸಾಲದ ಅಪಾಯ, ಮುರಿದ ಕರಾರು, ಮಾರುಕಟ್ಟೆಯ ಅಡೆತಡೆಗಳ ಕಡೆಗೂ ನೋಡಬೇಕಾಗುತ್ತದೆ.