ಕಿವಿಗೆಂದು ಬರೆದ ಕರಪತ್ರ

ಕೇಳುಗರೇ, ನಮಸ್ಕಾರ.

ಕಣ್ಣು ಕಾಣದವರು ಫೋನು, ಕಂಪ್ಯೂಟರುಗಳಲ್ಲಿ ಅಕ್ಷರ ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಇವು ಕನ್ನಡವನ್ನೂ ಓದುತ್ತವೆ. ಆದರೆ ನಾವು ಕಾಗದಕ್ಕೆಂದು ಬರೆದದ್ದನ್ನು ಹಾಗೇ ಓದಿಸಿದರೆ ಏನಾಗುತ್ತದೆ? ಒಂದು ಕರಪತ್ರ ತೆಗೆದುಕೊಂಡು ನೋಡೋಣ.

ಭೇದಿಯಾದ ಮಗುವಿಗೆ ಸಕ್ಕರೆ ಉಪ್ಪಿನ ನೀರು ಮಾಡಿಕೊಡುವ ಕರಪತ್ರ ಅಂದುಕೊಳ್ಳಿ. ಅದರಲ್ಲಿ ಅತಿಸಾರ ಅಂತ ಬರೆದು, ಆವರಣದೊಳಗೆ ಭೇದಿ ಅಂತ ಹಾಕಿದ್ದಾರೆ. ಶುದ್ಧ ನೀರು ಅಂತ ಬರೆದು, ಕುದಿಸಿ ಆರಿಸಿದ ಅನ್ನುವುದನ್ನೂ ಆವರಣಕ್ಕೆ ಸೇರಿಸಿದ್ದಾರೆ. ಲೀಟರು ಬರೀ 'ಲೀ' ಆಗಿದೆ, ಚಮಚ ಬರೀ 'ಚ' ಆಗಿದೆ, ಪಕ್ಕದಲ್ಲೊಂದು ಚುಕ್ಕಿ. ಅರ್ಧ ಅನ್ನುವುದಕ್ಕೆ ಒಂದರ ಕೆಳಗೆ ಎರಡು ಬರೆದ ಪುಟ್ಟ ಗುರುತು.

ಇದು ಕಿವಿಗೆ ಹೀಗೆ ಬೀಳಬಹುದು: 'ಅತಿಸಾರ ಭೇದಿ ಉಂಟಾದಲ್ಲಿ ಒಂದು ಲೀ. ಶುದ್ಧ ಕುದಿಸಿ ಆರಿಸಿದ ನೀರಿಗೆ ಆರು ಚ. ಸಕ್ಕರೆ ಹಾಗೂ ಒಂದು ಎರಡು ಚ. ಉಪ್ಪು.'

ಆವರಣದ ಗುರುತನ್ನು ಓದುವ ತಂತ್ರಾಂಶ ಸಾಮಾನ್ಯವಾಗಿ ಹೇಳುವುದಿಲ್ಲ. ಒಳಗಿನ ಮಾತು ಹೊರಗಿನ ಮಾತಿಗೆ ಅಂಟಿಕೊಳ್ಳುತ್ತದೆ. ಚುಕ್ಕಿ ಕಂಡರೆ ವಾಕ್ಯ ಮುಗಿಯಿತು ಅಂತ ನಿಲ್ಲಬಹುದು. ಇಲ್ಲಿ ನಿಜವಾದ ಅಪಾಯ ಉಪ್ಪಿನದು. ಅರ್ಧ ಚಮಚ ಹಾಕಬೇಕಾದಲ್ಲಿ ಒಂದೋ ಎರಡೋ ಚಮಚ ಹಾಕಿದರೆ ಆ ನೀರು ಮಗುವಿಗೆ ಕೆಡುಕು ಮಾಡುತ್ತದೆ. ಅದಕ್ಕೇ 'ಅರ್ಧ' ಅಂತ ಅಕ್ಷರದಲ್ಲೇ ಬರೆಯಬೇಕು.

ಇನ್ನೊಂದು ತೊಡಕು ನಕ್ಷತ್ರ ಗುರುತಿನದು. ಚಮಚದ ಪಕ್ಕ ಒಂದು ನಕ್ಷತ್ರ, ಪುಟದ ಕೊನೆಯಲ್ಲಿ 'ಸವರಿದ ಟೀ ಚಮಚ' ಅಂತ ವಿವರಣೆ. ಕೇಳುವವರಿಗೆ ಅದು ಸಿಗುವ ಹೊತ್ತಿಗೆ ನೀರು ಕಲಸಿ ಆಗಿರುತ್ತದೆ!

ಈಗ ಇದನ್ನು ಚಿಕ್ಕದು ಮಾಡೋಣ. ಆವರಣ, ಸಂಕ್ಷೇಪ ಎಲ್ಲ ಕಾಗದದ ಜಾಗ ಉಳಿಸಲು ಇರುವಂಥವು. ಕೇಳುವವರಿಗೆ ಬೇಕಾದ್ದು ಜಾಗವಲ್ಲ, ಸಮಯ. ಹಾಗಾಗಿ ಪದಗಳನ್ನು ಮೊಟಕು ಮಾಡಬೇಡಿ, ಬೇಡದ ವಿಷಯವನ್ನೇ ಬಿಡಿ. ಇಲಾಖೆಯ ಹೆಸರು, ಯೋಜನೆಯ ಹೆಸರು, ಆದೇಶದ ಸಂಖ್ಯೆ, ಮುನ್ನುಡಿ ಎಲ್ಲ ಹೋಗಲಿ. ಅತಿಸಾರವೂ ಹೋಗಲಿ, ಭೇದಿ ಸಾಕು, ಅಲ್ವಾ? ಉಳಿದದ್ದು ಹೀಗಾಗುತ್ತದೆ:

'ಮಗುವಿಗೆ ಭೇದಿ ಆಗಿದೆಯೇ? ಓಆರ್‌ಎಸ್ ಪುಡಿ ಕೊಡಿ. ಇದು ಔಷಧದಂಗಡಿಯಲ್ಲಿ ಸಿಗುವ, ನೀರಿಗೆ ಕಲಸುವ ಸಕ್ಕರೆ ಉಪ್ಪಿನ ಪುಡಿ. ಅದು ಇಲ್ಲದಿದ್ದರೆ ಮನೆಯಲ್ಲೇ ಮಾಡಿ. ಒಂದು ಲೀಟರು ನೀರು ಕುದಿಸಿ ಆರಿಸಿ. ಟೀ ಚಮಚ ತೆಗೆದುಕೊಳ್ಳಿ. ಪ್ರತಿ ಸಲವೂ ಗುಡ್ಡೆ ನಿಲ್ಲದ ಹಾಗೆ ಸವರಿ. ಸಕ್ಕರೆ ಆರು ಚಮಚ ಹಾಕಿ. ಉಪ್ಪು ಅರ್ಧ ಚಮಚ ಮಾತ್ರ ಹಾಕಿ. ಪೂರ್ತಿ ಕರಗಿಸಿ. ಒಂದು ದಿನ ಕಳೆದರೆ ಉಳಿದದ್ದನ್ನು ಚೆಲ್ಲಿ.'

ಒಂದು ವಾಕ್ಯಕ್ಕೆ ಒಂದೇ ಅಳತೆ ಇಟ್ಟಿದ್ದೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೆರೆಸಿ, ಕಲಕಿ, ಆರಿಸಿ ಅಂತ ಪೋಣಿಸುತ್ತಾ ಹೋದರೆ, ವಾಕ್ಯ ಮುಗಿಯುವ ಹೊತ್ತಿಗೆ ಮೊದಲ ಅಳತೆ ಮರೆತುಹೋಗಿರುತ್ತದೆ.

ಇನ್ನು ಕೋಷ್ಟಕ. ಎಡಗಡೆ ವಯಸ್ಸು, ಬಲಗಡೆ ಕುಡಿಸುವ ಅಳತೆ. ವೆಬ್ ಪುಟದಲ್ಲಿ ತಲೆಬರಹಗಳನ್ನು ಸರಿಯಾಗಿ ಗುರುತಿಸಿದ್ದರೆ, ರೂಢಿ ಇದ್ದವರು ಕೋಷ್ಟಕದ ಒಂದೊಂದೇ ಚೌಕಕ್ಕೆ ಹೋಗಿ ಕೇಳಿಕೊಳ್ಳಬಹುದು. ಆದರೆ ಅದನ್ನೇ ನಕಲು ಮಾಡಿ ಸಂದೇಶವಾಗಿ ಕಳಿಸಿದರೆ 'ಎರಡು, ಐವತ್ತು, ನೂರು, ಎರಡು, ಹತ್ತು, ನೂರು, ಇನ್ನೂರು' ಅಂತ ಸಂಖ್ಯೆಗಳ ಸಾಲು ಮಾತ್ರ ಉಳಿಯುತ್ತದೆ. ಎರಡು ಅಂದರೆ ವರ್ಷವೋ, ಲೋಟವೋ? ಸಂಖ್ಯೆಗಳ ನಡುವಿನ ಅಡ್ಡಗೆರೆಯೂ ಕೇಳಿಸದೆ ಹೋಗಬಹುದು. ಅದಕ್ಕೆ ಪ್ರತಿ ಸಾಲನ್ನೂ ಒಂದು ಪೂರ್ತಿ ವಾಕ್ಯ ಮಾಡಿ, ಯಾರಿಗೆ ಅನ್ನುವುದನ್ನು ಮೊದಲೇ ಹೇಳಿ.

'ಮಗುವಿಗೆ ಎರಡು ವರ್ಷ ತುಂಬಿಲ್ಲವೇ? ಪ್ರತಿ ಸಲ ಭೇದಿಯಾದ ಮೇಲೆ ಐವತ್ತರಿಂದ ನೂರು ಮಿಲಿಲೀಟರು ಕುಡಿಸಿ. ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡರಿಂದ ಹತ್ತು ವರ್ಷದೊಳಗಿನ ಮಗುವೇ? ನೂರರಿಂದ ಇನ್ನೂರು ಮಿಲಿಲೀಟರು. ಅಂದರೆ ಅರ್ಧ ಲೋಟದಿಂದ ಒಂದು ಲೋಟ.'

ಇಲ್ಲಿ ಲೋಟ ಅಂದರೆ ಇನ್ನೂರು ಮಿಲಿಲೀಟರಿನದು. ಕರಪತ್ರದಲ್ಲೂ ಆ ಮಾತನ್ನು ಒಮ್ಮೆ ಹೇಳಿಬಿಡಿ, ಮನೆಮನೆಗೂ ಲೋಟ ಬೇರೆ.

ಬರೆದಾದ ಮೇಲೆ ಫೋನಿನಲ್ಲಿ ಹಾಕಿ ಕೇಳಿ. ಆದರೆ ಬರೆದವರೇ ಕೇಳಿದರೆ ತಪ್ಪು ಗೊತ್ತಾಗುವುದು ಕಷ್ಟ. ಅರ್ಧ ಚಮಚ ಅಂತ ಅವರಿಗೆ ಮೊದಲೇ ಗೊತ್ತಲ್ಲ! ಕರಪತ್ರ ನೋಡದ ಒಬ್ಬರಿಗೆ ಒಂದೇ ಸಲ ಕೇಳಿಸಿ. ಆಮೇಲೆ ಉಪ್ಪು ಎಷ್ಟು, ಸಕ್ಕರೆ ಎಷ್ಟು ಅಂತ ಕೇಳಿ. ಅವರು ತಡವರಿಸಿದ ವಾಕ್ಯವನ್ನು ಒಡೆದು ಮತ್ತೆ ಬರೆಯಿರಿ. ಕರಪತ್ರದ ಫೋಟೋ ಕಳಿಸುವವರಿಗೆ ಇನ್ನೊಂದು ಮಾತು: ಬಹಳ ಸಲ ಓದುವ ತಂತ್ರಾಂಶ ಅದನ್ನು 'ಚಿತ್ರ' ಅಂತಷ್ಟೇ ಹೇಳಿ ಮುಂದೆ ಹೋಗುತ್ತದೆ. ಬರಹವನ್ನೂ ಜೊತೆಗೆ ಕಳಿಸಿ. ನಮಸ್ಕಾರ.