‘ಒಳ್ಳೆ ಹುಡುಗ ರೀ’ ಅಂದಮೇಲೆ ಏನು ಕೇಳಬೇಕು?

ಕೇಳುಗರೆ, ನಮಸ್ಕಾರ.

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಇದ್ದಾರೆ ಅಂತ ಇಟ್ಟುಕೊಳ್ಳಿ. ಗೋಡೌನ್ ನೋಡಿಕೊಳ್ಳೋಕೆ ಒಬ್ಬರು ಬೇಕು. ಒಬ್ಬ ಹುಡುಗ ಬಂದಿದ್ದಾನೆ. ಚಿತ್ರದುರ್ಗದ ಒಂದು ಗೋಡೌನಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ, ಲೋಡಿಂಗು, ಸ್ಟಾಕ್ ಪುಸ್ತಕ ಎರಡೂ ನಾನೇ ನೋಡ್ತಿದ್ದೆ ಅಂತಾನೆ. ಮಾತು ಚೆನ್ನಾಗಿದೆ. ಸರಿ, ಹಳೆಯ ಮ್ಯಾನೇಜರಿಗೆ ಒಂದು ಫೋನ್ ಮಾಡಿ ವಿಚಾರಿಸೋಣ ಅಂತ ವ್ಯಾಪಾರಿ ಹೊರಡುತ್ತಾರೆ.

ನಮ್ಮ ಕಡೆ ಈ ವಿಚಾರಣೆ ಸಾಮಾನ್ಯವಾಗಿ ಹೇಗೆ ನಡೆಯುತ್ತೆ? ‘ನಿಮ್ಮಲ್ಲಿದ್ದ ಹುಡುಗ ಬಂದಿದ್ದಾನೆ, ಹೆಂಗೆ ರೀ ಅವನು?’ ‘ಒಳ್ಳೆ ಹುಡುಗ ರೀ, ಏನೂ ತೊಂದ್ರೆ ಇಲ್ಲ, ತಗೊಳ್ರಿ.’ ಅಲ್ಲಿಗೆ ಫೋನ್ ಕಟ್. ಒಂದು ನಿಮಿಷದ ಮಾತು. ಇದರಿಂದ ಗೊತ್ತಾಗೋದು ಒಂದೇ, ಆ ಮ್ಯಾನೇಜರಿಗೆ ಯಾರ ಹೊಟ್ಟೆ ಮೇಲೂ ಹೊಡೆಯೋಕೆ ಇಷ್ಟ ಇಲ್ಲ. ‘ಹೆಂಗೆ’ ಅಂತ ಕೇಳಿದರೆ ‘ಒಳ್ಳೆಯವನು’ ಅಂತಲೇ ಉತ್ತರ ಬರುತ್ತೆ. ತಪ್ಪು ಉತ್ತರದ್ದಲ್ಲ, ಪ್ರಶ್ನೆಯದು.

ಫೋನ್ ಮಾಡೋ ಮುಂಚೆ ಎರಡು ಮಾತು. ಹುಡುಗನನ್ನು ಕೇಳಿಯೇ ಫೋನ್ ಮಾಡಿ. ಅವನು ಇನ್ನೂ ಅಲ್ಲೇ ಕೆಲಸದಲ್ಲಿದ್ದರೆ, ನೀವು ಮಾಡೋ ಒಂದು ಫೋನಿನಿಂದ ಇರೋ ಕೆಲಸವೂ ಹೋಗಬಹುದು. ಇನ್ನೊಂದು, ಅವನು ಕೊಟ್ಟ ಮೊಬೈಲ್ ನಂಬರು ನಿಜವಾಗಿ ಮ್ಯಾನೇಜರದ್ದೋ, ಅವನ ಸೋದರಮಾವನದ್ದೋ ಗೊತ್ತಿರಲ್ಲ. ಆ ಅಂಗಡಿಯ ಬಿಲ್ಲಿನ ಮೇಲಿರೋ ನಂಬರಿಗೆ ಫೋನ್ ಮಾಡಿ, ‘ಇಂಥವರ ಕೆಲಸ ಅಲ್ಲಿ ಯಾರು ನೋಡ್ತಿದ್ರು’ ಅಂತ ಕೇಳಿ ಅವರನ್ನೇ ಕರೆಸಿಕೊಳ್ಳಿ. ಬೆಳಗ್ಗೆ ಹರಾಜಿನ ಹೊತ್ತಿಗೆ ಮಾತ್ರ ಮಾಡಬೇಡಿ. ಆ ಗದ್ದಲದಲ್ಲಿ ಯಾರನ್ನು ಕೇಳಿದರೂ ‘ಒಳ್ಳೆ ಹುಡುಗ’ನೇ.

ಈಗ ಪ್ರಶ್ನೆಗೆ ಬರೋಣ. ಗುಣ ಕೇಳಬೇಡಿ, ಕೆಲಸ ಕೇಳಿ. ನಮ್ಮ ವ್ಯಾಪಾರಿ ಮೊದಲು ಸುಲಭದ್ದೇ ಕೇಳುತ್ತಾರೆ. ಯಾವಾಗ ಸೇರಿದ, ಯಾವಾಗ ಬಿಟ್ಟ, ನಿಮ್ಮ ಕೈಕೆಳಗೇ ಇದ್ದನಾ? ಇದು ಸುಮ್ನೆ ಹುಡುಗ ಹೇಳಿದ್ದಕ್ಕೆ ತಾಳೆ ನೋಡೋಕೆ. ಆಮೇಲೆ: ‘ಸೀಸನ್‌ನಲ್ಲಿ ಒಂದೇ ದಿನ ಮೂರ್ನಾಲ್ಕು ಲಾರಿ ಬಂದಾಗ ಇವನು ಏನು ಮಾಡ್ತಿದ್ದ?’

ಮ್ಯಾನೇಜರ್ ಇಲ್ಲಿ ಅರಳುತ್ತಾರೆ. ‘ಅದರಾಗ ಹುಷಾರು ಬಿಡ್ರಿ ಸಾವ್ಕಾರ್ರೆ. ಹಮಾಲರನ್ನ ಎರಡು ಗುಂಪು ಮಾಡ್ತಿದ್ದ. ಒಂದು ಲಾರಿ ವೇ ಬ್ರಿಡ್ಜಿಗೆ ಹೋದಾಗ ಇನ್ನೊಂದು ಇಳಿಸ್ತಿದ್ದ. ಒಂದ್ಸಲ ಮಳೆ ಬಂತು, ನಾನು ಹೇಳೋದ್ರೊಳಗೆ ತಾಡಪಾಲು ಹೊದಿಸಿಬಿಟ್ಟಿದ್ದ.’

ಈ ಉತ್ತರ ಗಮನಿಸಿ. ಇದರಲ್ಲಿ ಲಾರಿ ಇದೆ, ಮಳೆ ಇದೆ, ತಾಡಪಾಲು ಇದೆ. ಕಣ್ಣಾರೆ ನೋಡಿದವರು ಹೇಳೋದು ಹೀಗೆ.

ಮುಂದಿನ ಪ್ರಶ್ನೆ ಪುಸ್ತಕದ್ದು. ‘ಜೋಳ ಒಣಗಿ ತೂಕ ಇಳಿದಾಗ ಸ್ಟಾಕ್ ಪುಸ್ತಕದಲ್ಲಿ ಅದನ್ನ ಹೆಂಗೆ ತೋರಿಸ್ತಿದ್ದ?’ ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ನೂರು ಕ್ವಿಂಟಲ್ ಜೋಳ ಶೇಕಡಾ 18 ತೇವದಲ್ಲಿ ಬಂದು 14ಕ್ಕೆ ಒಣಗಿದರೆ, ಉಳಿಯೋದು 95 ಕ್ವಿಂಟಲ್ ಚಿಲ್ಲರೆ. ಯಾರೂ ಕದಿಯದೇ ನಾಲ್ಕೂವರೆ ಕ್ವಿಂಟಲ್‌ಗಿಂತ ಜಾಸ್ತಿ ಮಾಯ! ಬಂದ ತೇವ, ಹೋದ ತೇವ ಬರೆದಿಡದಿದ್ದರೆ, ಒಣಗಿದ್ದು ಎಷ್ಟು, ಹಿಂದಿನ ಬಾಗಿಲಿಂದ ಹೋಗಿದ್ದು ಎಷ್ಟು ಅಂತ ಆಮೇಲೆ ಯಾರೂ ಹೇಳೋಕಾಗಲ್ಲ. ಪುಸ್ತಕ ಬರೆಸಿದ ಮ್ಯಾನೇಜರಿಗೆ ಇದು ನಾಲಿಗೆ ತುದಿಯಲ್ಲಿರುತ್ತೆ.

ಆದರೆ ಈಗ ಬಂದ ಉತ್ತರ: ‘ಅದೆಲ್ಲ ನಡೀತಿತ್ತು ಬಿಡ್ರಿ. ಏನೂ ದೊಡ್ಡ ಪ್ರಾಬ್ಲಮ್ ಇರಲಿಲ್ಲ.’

ಈ ಜಾಗವನ್ನೇ ನಾನು ಸ್ವಲ್ಪ ಬಿಡಿಸಿ ಹೇಳಬೇಕು. ಹಾರಿಕೆಯ ಉತ್ತರ ಬಂದ ತಕ್ಷಣ ‘ಏನೋ ಮುಚ್ಚಿಡ್ತಿದ್ದಾರೆ’ ಅಂತ ತೀರ್ಮಾನಿಸುವವರು ತುಂಬ ಜನ. ಅದು ಅವಸರ. ಉತ್ತರ ಮಸುಕಾಗೋಕೆ ಹತ್ತು ಕಾರಣ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ, ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟು ಬಿಟ್ಟು ಬೇರೇನೂ ಹೇಳಬೇಡಿ ಅಂತ ನಿಯಮವೇ ಇರುತ್ತೆ. ಕೆಲವರಿಗೆ ನೆನಪಿರಲ್ಲ. ಕೆಲವರ ಸ್ವಭಾವವೇ ಹಾಗೆ, ಮಗಳ ಮದುವೆ ಹೇಗಾಯ್ತು ಅಂದ್ರೂ ‘ಆಯ್ತು’ ಅನ್ನುವವರು. ಹಾಗಾಗಿ ಉತ್ತರ ಮಸುಕಾಗಿದೆಯಾ ಅನ್ನೋದಕ್ಕಿಂತ ಎಲ್ಲಿ ಮಸುಕಾಯ್ತು ಅನ್ನೋದು ಮುಖ್ಯ. ಶುರುವಿನಿಂದ ಕೊನೆವರೆಗೂ ಒಂದೇ ಥರ ಮಸುಕಾಗಿದ್ದರೆ, ಅದರಿಂದ ಹುಡುಗನ ಬಗ್ಗೆ ಏನೂ ಗೊತ್ತಾಗಲಿಲ್ಲ ಅಂತ ಬರೆದುಕೊಂಡು ಬೇರೆಯವರನ್ನು ಕೇಳಿ. ಲಾರಿ ವಿಷಯಕ್ಕೆ ಮಳೆ, ತಾಡಪಾಲು ಎಲ್ಲ ನೆನಪಿದ್ದವರು ಪುಸ್ತಕ ಅಂದ ತಕ್ಷಣ ‘ನಡೀತಿತ್ತು ಬಿಡ್ರಿ’ ಅಂದರೆ, ಅಲ್ಲಿ ನಿಲ್ಲಬೇಕು.

ಅದಕ್ಕೇ ಸುಲಭದ ಪ್ರಶ್ನೆಗಳನ್ನು ಮೊದಲು ಕೇಳೋದು. ಆ ಮನುಷ್ಯ ಮಾಮೂಲಿಯಾಗಿ ಹೇಗೆ ಮಾತಾಡ್ತಾರೆ ಅಂತ ಗೊತ್ತಿಲ್ಲದೆ ಎಲ್ಲಿ ಬದಲಾಯ್ತು ಅಂತ ಹೇಗೆ ಗೊತ್ತಾಗಬೇಕು?

ನಿಂತ ಮೇಲೆ ಏನು ಮಾಡೋದು? ಪೊಲೀಸರ ಥರ ‘ಯಾಕೆ, ಏನಾದ್ರೂ ಕದ್ದಿದ್ನಾ’ ಅಂದರೆ ಬಾಗಿಲು ಮುಚ್ಚಿತು. ಕದ್ದಿದ್ದಾನೆ ಅಂತ ಫೋನಿನಲ್ಲಿ ಯಾರು ಹೇಳ್ತಾರೆ? ಅದರ ಬದಲು ಹೇಳೋಕೆ ಸುಲಭವಾಗುವ ಹಾಗೆ ಕೇಳಬೇಕು. ನಮ್ಮ ವ್ಯಾಪಾರಿ ಹೀಗೆ ಕೇಳುತ್ತಾರೆ: ‘ಅವನು ಬಿಟ್ಟ ದಿನ ಪುಸ್ತಕ ಯಾರ ಕೈಗೆ ಕೊಟ್ಟು ಹೋದ ರೀ?’ ಕೇಳಿ ಸುಮ್ಮನಾಗುತ್ತಾರೆ. ಇದೇ ಕಷ್ಟದ ಕೆಲಸ, ಸುಮ್ಮನಿರೋದು. ನಾವು ಮೌನ ತಡೆಯಲಾರದೆ ‘ಅಂದ್ರೆ, ಚೆನ್ನಾಗೇ ನೋಡ್ಕೊಂಡಿದ್ನಲ್ಲಾ’ ಅಂತ ಉತ್ತರವನ್ನೂ ನಾವೇ ಕೊಟ್ಟುಬಿಡ್ತೀವಿ. ಅವರು ‘ಹೂಂ’ ಅಂತಾರೆ. ಆ ‘ಹೂಂ’ ನಮ್ಮದೇ ಮಾತು, ಅವರದ್ದಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮ್ಯಾನೇಜರ್ ಹೇಳ್ತಾರೆ: ‘ಪುಸ್ತಕ ನಮ್ಮ ಗುಮಾಸ್ತರ ಹತ್ರಾನೇ ಇರ್ತಿತ್ತು. ಇವನು ಚೀಟಿ ತಂದು ಕೊಡ್ತಿದ್ದ ಅಷ್ಟೆ.’

ನೋಡಿ, ಕಳ್ಳತನ ಅಲ್ಲ. ಹುಡುಗ ತನ್ನದಲ್ಲದ ಕೆಲಸವನ್ನು ತನ್ನದು ಅಂತ ಸೇರಿಸಿ ಹೇಳಿದ್ದಾನೆ. ಅವನು ಸುಳ್ಳು ಹೇಳಿದ ಅಂತ ಹೇಳೋಕೆ ಮ್ಯಾನೇಜರಿಗೆ ಮನಸ್ಸಿರಲಿಲ್ಲ.

‘ಮತ್ತೆ ಕೆಲಸಕ್ಕೆ ತಗೋತೀರಾ’ ಅನ್ನೋ ಪ್ರಶ್ನೆಯನ್ನು ಎಲ್ಲರೂ ಕೇಳ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ‘ಈಗ ನಮ್ಮಲ್ಲಿ ಜಾಗ ಇಲ್ಲ ರೀ’ ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ‘ಜಾಗ ಇದ್ದಿದ್ರೆ ಯಾವ ಕೆಲಸಕ್ಕೆ ತಗೋತಿದ್ರಿ’ ಅಂತ ತಿರುಗಿಸಿ ಕೇಳಿ. ನಮ್ಮ ಮ್ಯಾನೇಜರ್ ಥಟ್ಟನೆ ‘ಲೋಡಿಂಗಿಗೆ ಇವತ್ತೇ ಬರಲಿ’ ಅಂದರು. ಇದು ಅರ್ಧ ಗಂಟೆ ಹೊಗಳಿಕೆಗಿಂತ ಮೇಲು.

ಇದರ ಉಲ್ಟಾನೂ ಇದೆ. ಸೀಸನ್ ಮಧ್ಯದಲ್ಲಿ ಬಿಟ್ಟುಹೋದವನ ಬಗ್ಗೆ ಮ್ಯಾನೇಜರಿಗೆ ಸಿಟ್ಟಿರಬಹುದು. ಅಂಥವರೂ ‘ಸರಿ ಇಲ್ಲ ಬಿಡ್ರಿ’ ಅಂತ ಮಸುಕಾಗೇ ಹೇಳ್ತಾರೆ. ಅವರಿಗೂ ಅದೇ ಪ್ರಶ್ನೆ: ಯಾವತ್ತು, ಏನಾಯ್ತು? ಬಿಟ್ಟುಹೋದ ದಿನದ ಕಥೆ ಒಂದೇ ಮತ್ತೆ ಮತ್ತೆ ಬರ್ತಿದ್ದರೆ, ಅದು ಅವರ ಸಿಟ್ಟು, ಹುಡುಗನ ಕೆಲಸ ಅಲ್ಲ.

ಇನ್ನು ವ್ಯಾಪಾರಿ ಏನು ಮಾಡಿದರು? ಹುಡುಗನನ್ನು ಕರೆದರು. ‘ನಿಮ್ಮ ಮ್ಯಾನೇಜರ್ ಹಿಂಗಂದ್ರು’ ಅನ್ನಲಿಲ್ಲ. ಅದು ನಂಬಿ ಹೇಳಿದವರ ಮಾತು. ಒಂದು ಹಾಳೆ ಕೊಟ್ಟು, ‘ನೂರು ಕ್ವಿಂಟಲ್ ಬಂತು, ತೇವ 18, ಲಾರಿಗೆ ಹಾಕೋವಾಗ 14. ಪುಸ್ತಕದಲ್ಲಿ ಬರೆದು ತೋರ್ಸಪ್ಪ’ ಅಂದರು. ಹುಡುಗ ಸ್ವಲ್ಪ ಹೊತ್ತು ಹಾಳೆ ನೋಡಿದ. ಆಮೇಲೆ, ‘ಅಣ್ಣಾ, ಚೀಟಿ ನಾನು ಬರೀತಿದ್ದೆ, ಪುಸ್ತಕ ಗುಮಾಸ್ತರು’ ಅಂದ. ಲೋಡಿಂಗ್ ಕೆಲಸ ಅವನಿಗೇ ಸಿಕ್ಕಿತು. ಪುಸ್ತಕ ಬರೆಯೋಕೆ ವ್ಯಾಪಾರಿ ಇನ್ನೂ ಒಬ್ಬರನ್ನು ಹುಡುಕುತ್ತಿದ್ದಾರೆ.

ನಮಸ್ಕಾರ.